ಚೌಕದ ನಡುವೆ, ವೃತ್ತದ ನಡುವೆ: ಒಂದೇ ತಂತಿಯ ಎರಡು ಕಾಂತಕ್ಷೇತ್ರಗಳು

ಒಂದು ಮೀಟರ್ ಉದ್ದದ ತಾಮ್ರದ ತಂತಿಯನ್ನು ವೃತ್ತವಾಗಿ ಬಾಗಿಸಿ ಅದರಲ್ಲಿ 5 ಆಂಪಿಯರ್ ವಿದ್ಯುತ್ತನ್ನು ಹರಿಸಿದರೆ ವೃತ್ತದ ಕೇಂದ್ರದಲ್ಲಿ ಸುಮಾರು 19.7 ಮೈಕ್ರೊಟೆಸ್ಲಾ ಬಲದ ಕಾಂತಕ್ಷೇತ್ರ ಹುಟ್ಟುತ್ತದೆ. ಅದೇ ತಂತಿಯನ್ನು ನೆಟ್ಟಗೆ ಮಾಡಿ, ನಾಲ್ಕು ಕಡೆ ಮಡಿಸಿ, 25 ಸೆಂಟಿಮೀಟರ್ ಬಾಹುವಿನ ಚೌಕವಾಗಿಸಿ ಅಷ್ಟೇ ವಿದ್ಯುತ್ತನ್ನು ಹರಿಸಿದರೆ ಚೌಕದ ನಡುವೆ ಸಿಗುವುದು ಸುಮಾರು 22.6 ಮೈಕ್ರೊಟೆಸ್ಲಾ. ತಂತಿ ಹೆಚ್ಚಾಗಿಲ್ಲ, ವಿದ್ಯುತ್ತು ಹೆಚ್ಚಾಗಿಲ್ಲ, ತಂತಿಯ ರೋಧ ಮೊದಲಿನಷ್ಟೇ ಇರುವುದರಿಂದ ಅದು ಬಿಸಿಯಾಗುವ ಪ್ರಮಾಣವೂ ಬದಲಾಗಿಲ್ಲ. ಆದರೂ ಕ್ಷೇತ್ರ ನೂರಕ್ಕೆ 14.6ರಷ್ಟು ಏರಿದೆ.

ಮೊದಲ ಸಲ ಈ ಲೆಕ್ಕ ಮಾಡುವವರಲ್ಲಿ ಬಹುಪಾಲು ಮಂದಿ ನಿರೀಕ್ಷಿಸುವುದು ಇದರ ವಿರುದ್ಧವನ್ನೇ. ವೃತ್ತದ ಪ್ರತಿಯೊಂದು ಬಿಂದುವೂ ಕೇಂದ್ರದಿಂದ ಸಮಾನ ದೂರದಲ್ಲಿದೆ, ತಂತಿಯ ಪ್ರತಿಯೊಂದು ತುಣುಕೂ ಕೇಂದ್ರಕ್ಕೆ ಅಡ್ಡಲಾಗಿ ನಿಂತಿದೆ. ಚೌಕದ ಮೂಲೆಗಳಾದರೋ ದೂರದಲ್ಲಿವೆ, ಓರೆಯಾಗಿಯೂ ಇವೆ. ಹೀಗಿರುವಾಗ ವೃತ್ತವೇ ಗೆಲ್ಲಬೇಕಲ್ಲ ಎನಿಸುವುದು ಸಹಜ. ವಾಸ್ತವದಲ್ಲಿ ವೃತ್ತ ಚೌಕಕ್ಕೆ ಮಾತ್ರ ಸೋಲುವುದಿಲ್ಲ. ಒಂದೇ ಉದ್ದದ ತಂತಿಯಿಂದ ಕೇಂದ್ರವನ್ನು ಒಮ್ಮೆ ಸುತ್ತುವ ಸರಳ ಆಕಾರಗಳಲ್ಲೆಲ್ಲ ಕೇಂದ್ರದ ಕ್ಷೇತ್ರ ಅತ್ಯಂತ ಕಡಿಮೆಯಾಗಿರುವುದು ವೃತ್ತದಲ್ಲಿಯೇ.

ಲೆಕ್ಕದ ಬೇರು 1820ರಲ್ಲಿದೆ. ಆ ವರ್ಷ ಕೋಪನ್‌ಹೇಗನ್ನಿನಲ್ಲಿ ಅರ್ಸ್ಟೆಡ್ ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಪ್ರಕಟಿಸಿದ. ಕೆಲವೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಬಯೋ ಮತ್ತು ಸವಾರ್ ಆ ಪ್ರಭಾವವನ್ನು ಅಳೆದರು. ಅವರ ಹೆಸರಿನಲ್ಲಿ ಇಂದು ಪಠ್ಯಪುಸ್ತಕಗಳಲ್ಲಿರುವ ನಿಯಮ ತಂತಿಯನ್ನು ಅತಿಸಣ್ಣ ತುಣುಕುಗಳಾಗಿ ಒಡೆದು ನೋಡುತ್ತದೆ. ಒಂದು ತುಣುಕು ಯಾವುದೋ ಬಿಂದುವಿನಲ್ಲಿ ಉಂಟುಮಾಡುವ ಕ್ಷೇತ್ರ ಮೂರು ಸಂಗತಿಗಳನ್ನು ಅವಲಂಬಿಸುತ್ತದೆ: ತುಣುಕಿನ ಉದ್ದ, ಬಿಂದುವಿನಿಂದ ಅದಕ್ಕಿರುವ ದೂರ, ಮತ್ತು ಬಿಂದುವಿನತ್ತ ಎಳೆದ ಗೆರೆಗೆ ಅದು ಎಷ್ಟು ಅಡ್ಡಲಾಗಿದೆ ಎಂಬುದು. ದೂರ ಇಮ್ಮಡಿಯಾದರೆ ಪ್ರಭಾವ ಕಾಲು ಭಾಗಕ್ಕೆ ಇಳಿಯುತ್ತದೆ. ತುಣುಕು ಪೂರ್ತಿ ಅಡ್ಡಲಾಗಿದ್ದರೆ ಪೂರ್ಣ ಪ್ರಭಾವ, ಬಿಂದುವಿನತ್ತಲೇ ಮುಖ ಮಾಡಿದ್ದರೆ ಸೊನ್ನೆ.

ವೃತ್ತಕ್ಕೆ ಇದನ್ನು ಅನ್ವಯಿಸುವುದು ಸುಲಭ. ದೂರ ಎಲ್ಲೆಲ್ಲೂ ತ್ರಿಜ್ಯ `R`ನಷ್ಟೇ, ಅಡ್ಡವೂ ಪೂರ್ತಿ. ಒಟ್ಟು ಕ್ಷೇತ್ರ `B = μ₀I/2R`. ಇಲ್ಲಿ `I` ವಿದ್ಯುತ್ ಪ್ರವಾಹ, `μ₀` ನಿರ್ವಾತದ ಕಾಂತಶೀಲತೆಯನ್ನು ಹೇಳುವ ಸ್ಥಿರಾಂಕ. ತಂತಿಯ ಒಟ್ಟು ಉದ್ದ `L` ಆದರೆ ತ್ರಿಜ್ಯ `L/2π` ಆಗುವುದರಿಂದ ಸೂತ್ರ `B = πμ₀I/L` ಎಂದಾಗುತ್ತದೆ. ಒಂದು ಮೀಟರ್ ತಂತಿಗೆ ತ್ರಿಜ್ಯ 15.92 ಸೆಂಟಿಮೀಟರ್.

ಚೌಕಕ್ಕೆ ಬಂದರೆ ಒಂದು ಬಾಹುವನ್ನು ಬಿಡಿಸಿ ನಾಲ್ಕರಿಂದ ಗುಣಿಸಿದರಾಯಿತು. ಪ್ರವಾಹ ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ನಾಲ್ಕೂ ಬಾಹುಗಳ ಕ್ಷೇತ್ರ ಕೇಂದ್ರದಲ್ಲಿ ಒಂದೇ ಕಡೆಗೆ, ಚೌಕದ ಸಮತಲಕ್ಕೆ ಲಂಬವಾಗಿ ಇರುತ್ತದೆ. ಅವು ನೇರವಾಗಿ ಕೂಡುತ್ತವೆ. ಬಾಹುವಿನ ಉದ್ದ `a` ಆದರೆ ಅದು ಕೇಂದ್ರದಿಂದ `a/2` ದೂರದಲ್ಲಿದೆ. ಕೇಂದ್ರದಿಂದ ನೋಡಿದಾಗ ಅದರ ಎರಡು ತುದಿಗಳೂ ಮಧ್ಯಗೆರೆಯ ಆಚೀಚೆ 45 ಡಿಗ್ರಿಯಲ್ಲಿ ಕಾಣುತ್ತವೆ. ಮಿತ ಉದ್ದದ ನೇರ ತಂತಿಯ ಸೂತ್ರದಲ್ಲಿ ಈ ಕೋನಗಳನ್ನು ಹಾಕಿ ನಾಲ್ಕು ಬಾಹುಗಳನ್ನು ಕೂಡಿದರೆ `B = 2√2 μ₀I/πa` ದೊರೆಯುತ್ತದೆ. `a`ಯ ಜಾಗದಲ್ಲಿ `L/4` ಇಟ್ಟರೆ ಅದು `B = 8√2 μ₀I/πL`. ಚೌಕದ ಕ್ಷೇತ್ರವನ್ನು ವೃತ್ತದ ಕ್ಷೇತ್ರದಿಂದ ಭಾಗಿಸಿದಾಗ ಪ್ರವಾಹ, ಉದ್ದ, ಸ್ಥಿರಾಂಕ ಎಲ್ಲವೂ ಹೊಡೆದುಹೋಗಿ `8√2/π²`, ಅಂದರೆ ಸುಮಾರು 1.146 ಮಾತ್ರ ಉಳಿಯುತ್ತದೆ. ತಂತಿ ಒಂದು ಗೇಣಿರಲಿ, ಒಂದು ಮೈಲಿ ಇರಲಿ, ಈ ಅನುಪಾತ ಬದಲಾಗದು.

ಈ ಹಂತದಲ್ಲಿ ವಿದ್ಯಾರ್ಥಿಗಳು ಪದೇ ಪದೇ ಮಾಡುವ ತಪ್ಪೊಂದಿದೆ. ಬಾಯಿಪಾಠವಾಗಿರುವ ಅನಂತ ಉದ್ದದ ತಂತಿಯ ಸೂತ್ರ `μ₀I/2πd` ತೆಗೆದುಕೊಂಡು ಅದನ್ನೇ ನಾಲ್ಕರಿಂದ ಗುಣಿಸಿಬಿಡುತ್ತಾರೆ. ಬಾಹು 25 ಸೆಂಟಿಮೀಟರಿಗೆ ಮುಗಿದುಹೋಗುತ್ತದೆ ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಉತ್ತರ 32 ಮೈಕ್ರೊಟೆಸ್ಲಾ ಎಂದು ಬರುತ್ತದೆ. ಇದು ಸರಿಯಾದುದಕ್ಕಿಂತ ಕರಾರುವಾಕ್ಕಾಗಿ `√2` ಪಟ್ಟು ಹೆಚ್ಚು. ಉತ್ತರದಲ್ಲಿ `√2` ಎಲ್ಲೂ ಕಾಣದಿದ್ದರೆ ಈ ತಪ್ಪಾಗಿದೆಯೆಂದು ತಿಳಿಯಬಹುದು.

ಸೂತ್ರ ಉತ್ತರವನ್ನು ಕೊಟ್ಟಿತೇ ಹೊರತು ಕಾರಣವನ್ನು ಹೇಳಲಿಲ್ಲ. ಕಾರಣ ಬೇಕಾದರೆ ಬಾಹುವಿನ ಉದ್ದಕ್ಕೂ ಸಾಗಿ ನೋಡಬೇಕು. ಬಾಹುವಿನ ನಡುಭಾಗ ಕೇಂದ್ರದಿಂದ 12.5 ಸೆಂಟಿಮೀಟರ್ ದೂರದಲ್ಲಿದೆ. ವೃತ್ತದ ತಂತಿಗಿಂತ ಇದು ಹತ್ತಿರ. ಪ್ರಭಾವ ದೂರದ ವರ್ಗಕ್ಕೆ ವಿಲೋಮವಾಗಿರುವುದರಿಂದ ಅಲ್ಲಿನ ಒಂದು ಮಿಲಿಮೀಟರ್ ತಂತಿ ವೃತ್ತದ ಒಂದು ಮಿಲಿಮೀಟರ್ ತಂತಿಗಿಂತ ನೂರಕ್ಕೆ 62ರಷ್ಟು ಹೆಚ್ಚು ಕ್ಷೇತ್ರ ಕೊಡುತ್ತದೆ. ಮೂಲೆಯ ಕಥೆ ಬೇರೆ. ಅದು 17.7 ಸೆಂಟಿಮೀಟರ್ ದೂರದಲ್ಲಿದೆ, ಸಾಲದ್ದಕ್ಕೆ 45 ಡಿಗ್ರಿ ಓರೆ. ಅಲ್ಲಿನ ಒಂದು ಮಿಲಿಮೀಟರ್ ತಂತಿ ವೃತ್ತದ ತಂತಿಗಿಂತ ನೂರಕ್ಕೆ 43ರಷ್ಟು ಕಡಿಮೆ ಕೊಡುತ್ತದೆ. ಗಳಿಕೆ ನಷ್ಟವಾಗಿ ಬದಲಾಗುವ ಜಾಗ ಬಾಹುವಿನ ನಡುಬಿಂದುವಿನಿಂದ ಸುಮಾರು 7.7 ಸೆಂಟಿಮೀಟರ್ ಆಚೆಗೆ ಇದೆ. ಅಂದರೆ 25 ಸೆಂಟಿಮೀಟರ್ ಬಾಹುವಿನಲ್ಲಿ ನಡುವಿನ ಹದಿನೈದು ಸೆಂಟಿಮೀಟರಿಗೂ ಹೆಚ್ಚು ಭಾಗ ವೃತ್ತವನ್ನು ಮೀರಿಸುತ್ತದೆ, ಎರಡು ತುದಿಗಳ ಹತ್ತು ಸೆಂಟಿಮೀಟರಿಗೂ ಕಡಿಮೆ ಭಾಗ ಹಿಂದೆ ಬೀಳುತ್ತದೆ. ಒಟ್ಟಾರೆ ಕ್ಷೇತ್ರದ ನೂರಕ್ಕೆ 63 ಪಾಲು ಬರುವುದು ಬಾಹುಗಳ ನಡುವಿನ ಅರ್ಧ ಉದ್ದದಿಂದಲೇ.

ಇದು ಸರಿಯಾದ ವಿವರಣೆ, ಆದರೆ ಇನ್ನೂ ಅರೆ ವಿವರಣೆ. ಗಳಿಕೆ ನಷ್ಟಕ್ಕಿಂತ ಹೆಚ್ಚೇ ಏಕಾಗಬೇಕು? ಅದು ಚೌಕಕ್ಕೆ ಒದಗಿದ ಕಾಕತಾಳೀಯವೇ, ಅಥವಾ ಎಲ್ಲ ಆಕಾರಗಳಿಗೂ ಹಾಗೆಯೇ? ಇದಕ್ಕೆ ತಂತಿಯನ್ನು ಉದ್ದದಿಂದ ಅಳೆಯುವುದನ್ನು ಬಿಟ್ಟು ಕೋನದಿಂದ ಅಳೆಯುವುದು ಒಳ್ಳೆಯ ದಾರಿ.

ಕೇಂದ್ರದಲ್ಲಿ ನಿಂತು ಸುತ್ತಲೂ ಒಂದೊಂದು ಡಿಗ್ರಿಯಂತೆ 360 ಹೋಳು ಮಾಡಿದೆವೆಂದುಕೊಳ್ಳಬಹುದು. ಪ್ರತಿ ಹೋಳಿನಲ್ಲೂ ತಂತಿಯ ಒಂದು ತುಣುಕು ಬೀಳುತ್ತದೆ. ತುಣುಕು ಓರೆಯಾಗಿದ್ದರೆ ಅದರ ಉದ್ದ ಹೆಚ್ಚು. ಆದರೆ ಬಯೋ-ಸವಾರ್ ನಿಯಮ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಡ್ಡಲಾದ ಅಂಶವನ್ನು ಮಾತ್ರ, ಮತ್ತು ಆ ಅಡ್ಡ ಅಂಶ ಓರೆ ಎಷ್ಟಿದ್ದರೂ ದೂರ ಮತ್ತು ಕೋನಗಳ ಗುಣಲಬ್ಧದಷ್ಟೇ ಇರುತ್ತದೆ. ಅದನ್ನು ದೂರದ ವರ್ಗದಿಂದ ಭಾಗಿಸಿದಾಗ ಒಂದು ದೂರ ಹೊಡೆದುಹೋಗುತ್ತದೆ. ಉಳಿಯುವುದಿಷ್ಟು: ಪ್ರತಿ ಡಿಗ್ರಿಯ ಕೊಡುಗೆ ಆ ದಿಕ್ಕಿನಲ್ಲಿ ತಂತಿಗಿರುವ ದೂರಕ್ಕೆ ವಿಲೋಮ. ಓರೆಯ ಪ್ರಸ್ತಾಪವೇ ಇಲ್ಲ. ಸಮತಲದ ಮೇಲಿರುವ ಯಾವುದೇ ಸುತ್ತಿಗೆ ಇದು ಸತ್ಯ. ಸೂತ್ರವಾಗಿ ಬರೆದರೆ `B = (μ₀I/4π) ∮ dθ/r`. ಮಾತಿನಲ್ಲಿ ಹೇಳುವುದಾದರೆ, ಕೇಂದ್ರದ ಕ್ಷೇತ್ರವನ್ನು ನಿರ್ಧರಿಸುವುದು ಎಲ್ಲ ದಿಕ್ಕುಗಳ ಮೇಲೆ ತೆಗೆದ `1/r`ನ ಸರಾಸರಿ ಮಾತ್ರ.

ಇಲ್ಲಿಂದ ಮುಂದೆ ಎರಡು ಹೆಜ್ಜೆ ಸಾಕು. ಮೊದಲನೆಯದು ಉದ್ದಕ್ಕೆ ಸಂಬಂಧಿಸಿದ್ದು. ಓರೆಯಾದ ತುಣುಕು ಕ್ಷೇತ್ರಕ್ಕೆ ಏನನ್ನೂ ಹೆಚ್ಚಿಗೆ ಕೊಡುವುದಿಲ್ಲ, ಆದರೆ ತಂತಿಯನ್ನು ಹೆಚ್ಚಿಗೆ ತಿನ್ನುತ್ತದೆ. ಉದ್ದ ನಿಗದಿಯಾಗಿರುವಾಗ ಹೀಗೆ ತಂತಿ ಓರೆಗೆ ಖರ್ಚಾದರೆ ಸುತ್ತು ಅಷ್ಟು ದೊಡ್ಡದಾಗಿ ಹರಡಲಾರದು. ಅದು ಒಟ್ಟಾರೆಯಾಗಿ ಕೇಂದ್ರದತ್ತ ಸರಿಯುತ್ತದೆ. ವೃತ್ತದಲ್ಲಿ ಓರೆ ಎಂಬುದೇ ಇಲ್ಲ, ಆದ್ದರಿಂದ ಅದರ ತಂತಿ ಸರಾಸರಿಯಲ್ಲಿ ಅತಿ ದೂರಕ್ಕೆ ಹೋಗುತ್ತದೆ. ಒಂದು ಮೀಟರ್ ತಂತಿಯ ವೃತ್ತದಲ್ಲಿ ದೂರ 15.92 ಸೆಂಟಿಮೀಟರ್. ಚೌಕದಲ್ಲಿ ಎಲ್ಲ ದಿಕ್ಕುಗಳ ಸರಾಸರಿ ದೂರ 14.03 ಸೆಂಟಿಮೀಟರ್ ಅಷ್ಟೇ.

ಎರಡನೆಯ ಹೆಜ್ಜೆ ಸರಾಸರಿಯ ಸ್ವಭಾವಕ್ಕೆ ಸಂಬಂಧಿಸಿದ್ದು. 10 ಮತ್ತು 20ರ ಸರಾಸರಿ 15. ಆದರೆ `1/10` ಮತ್ತು `1/20`ರ ಸರಾಸರಿ 0.075, ಇದು `1/15`ಕ್ಕಿಂತ ಹೆಚ್ಚು. ಬೇರೆ ಬೇರೆ ದೂರಗಳು ಬೆರೆತಾಗಲೆಲ್ಲ ಹತ್ತಿರದ್ದು ಕೊಡುವ ಲಾಭ ದೂರದ್ದು ತರುವ ನಷ್ಟವನ್ನು ಮೀರುತ್ತದೆ. ಎಲ್ಲ ದೂರಗಳೂ ಸಮವಾಗಿದ್ದಾಗ ಮಾತ್ರ ಈ ಲಾಭ ಇರುವುದಿಲ್ಲ, ಮತ್ತು ಅದು ವೃತ್ತದ ಸ್ಥಿತಿ. ಚೌಕದ `1/r`ನ ಸರಾಸರಿಯನ್ನು ತಲೆಕೆಳಗು ಮಾಡಿದರೆ 13.88 ಸೆಂಟಿಮೀಟರ್ ಬರುತ್ತದೆ. ಕೇಂದ್ರದ ಮಟ್ಟಿಗೆ ಈ ಚೌಕ 13.88 ಸೆಂಟಿಮೀಟರ್ ತ್ರಿಜ್ಯದ ವೃತ್ತಕ್ಕೆ ಸಮ. ಅಂಥ ವೃತ್ತಕ್ಕೆ 87 ಸೆಂಟಿಮೀಟರ್ ತಂತಿ ಸಾಕಾಗುತ್ತಿತ್ತು.

ಎರಡು ಹೆಜ್ಜೆಗಳ ಪಾಲನ್ನು ಬೇರ್ಪಡಿಸಿ ನೋಡುವುದು ಉಪಯುಕ್ತ. 15.92ರಿಂದ 14.03ಕ್ಕೆ ಇಳಿದದ್ದು ಕ್ಷೇತ್ರವನ್ನು ನೂರಕ್ಕೆ 13.5ರಷ್ಟು ಏರಿಸಿತು. 14.03ರಿಂದ 13.88ಕ್ಕೆ ಇಳಿದದ್ದು ಕೇವಲ 1ರಷ್ಟು. ಹಾಗಾಗಿ ಬಾಹುವಿನ ನಡು ಹತ್ತಿರ, ಮೂಲೆ ದೂರ ಎಂಬ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಕೊಡುವ ಮಹತ್ವ ಸ್ವಲ್ಪ ಅತಿಯಾದದ್ದೇ. ಚೌಕ ಮುಂದಿರುವುದಕ್ಕೆ ಮುಖ್ಯ ಕಾರಣ ಅದು ತಂತಿಯನ್ನು ಜಿಪುಣತನವಿಲ್ಲದೆ ಓರೆಗೆ ಸುರಿದು, ಅದರಿಂದಾಗಿ ಕಡಿಮೆ ಜಾಗವನ್ನು ಸುತ್ತುವರಿಯುವುದು. ನಿಗದಿತ ಸುತ್ತಳತೆಗೆ ಅತಿ ಹೆಚ್ಚು ವಿಸ್ತೀರ್ಣ ಕೊಡುವ ಆಕಾರ ವೃತ್ತ ಎಂಬುದು ಹಳೆಯ ರೇಖಾಗಣಿತದ ಮಾತು. ಕಾಂತಕ್ಷೇತ್ರದ ಈ ಫಲಿತಾಂಶ ಅದರದೇ ದಾಯಾದಿ.

ಇದನ್ನು ಪರೀಕ್ಷಿಸಲು ಬೇರೆ ಆಕಾರಗಳಿವೆ. ಒಂದು ಮೀಟರ್ ತಂತಿಯ ಸಮಬಾಹು ತ್ರಿಭುಜದ ನಡುವೆ ಕ್ಷೇತ್ರ ವೃತ್ತಕ್ಕಿಂತ ನೂರಕ್ಕೆ 37ರಷ್ಟು ಹೆಚ್ಚು, ಸಮಷಡ್ಭುಜದ ನಡುವೆ 5ರಷ್ಟು ಹೆಚ್ಚು. ಬಾಹುಗಳು ಹೆಚ್ಚುತ್ತ ಹೋದಂತೆ ಬೆಲೆ ವೃತ್ತದ ಬೆಲೆಗೆ ಇಳಿಯುತ್ತದೆ, ಆದರೆ ಎಂದೂ ಅದರ ಕೆಳಗೆ ಹೋಗುವುದಿಲ್ಲ. ಚೌಕವನ್ನೇ ಹಿಚುಕಿ 45 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಆಯತ ಮಾಡಿದರೆ 5 ಆಂಪಿಯರಿಗೆ 80 ಮೈಕ್ರೊಟೆಸ್ಲಾ ಸಿಗುತ್ತದೆ, ವೃತ್ತದ ನಾಲ್ಕು ಪಟ್ಟು. ಇನ್ನೂ ಹಿಚುಕಿದರೆ ಇನ್ನೂ ಹೆಚ್ಚು. ಮೇಲಿನ ಮಿತಿಯೇ ಇಲ್ಲ, ಏಕೆಂದರೆ ಕೇಂದ್ರ ಎಂಬ ಬಿಂದು ಎರಡು ತಂತಿಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅತಿ ಹೆಚ್ಚು ಕ್ಷೇತ್ರದ ಆಕಾರ ಯಾವುದು ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅತಿ ಕಡಿಮೆಯದು ಯಾವುದು ಎಂಬುದಕ್ಕೆ ಮಾತ್ರ ಒಂದೇ ಉತ್ತರವಿದೆ. ಕೇಂದ್ರದಿಂದ ಹೊರಟ ಪ್ರತಿ ಗೆರೆಯೂ ತಂತಿಯನ್ನು ಒಮ್ಮೆ ಮಾತ್ರ ದಾಟುವ ಆಕಾರಗಳಿಗೆ ಈ ಮಾತು ಅನ್ವಯಿಸುತ್ತದೆ.

ಹೋಲಿಕೆಯಲ್ಲಿ ಯಾವುದನ್ನು ಸಮವಾಗಿಟ್ಟುಕೊಳ್ಳಲಾಗಿದೆ ಎಂಬುದು ನಿರ್ಣಾಯಕ. ಪರೀಕ್ಷೆಯ ಪ್ರಶ್ನೆಯಲ್ಲಿ ಒಂದೇ ಪದ ಬದಲಾದರೂ ಉತ್ತರ ತಿರುಗಿ ಬೀಳಬಹುದು. ತಂತಿಯ ಉದ್ದಕ್ಕೆ ಬದಲು ವಿಸ್ತೀರ್ಣ ಸಮವಾಗಿದ್ದರೆ ಚೌಕದ ಮುನ್ನಡೆ ನೂರಕ್ಕೆ 14.6ರಿಂದ 1.6ಕ್ಕೆ ಕುಸಿಯುತ್ತದೆ. ಮುನ್ನಡೆಯ ಬಹುಭಾಗ ಕಡಿಮೆ ಜಾಗವನ್ನು ಸುತ್ತುವುದರಿಂದಲೇ ಬಂದಿತ್ತು ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ವೃತ್ತ ಚೌಕದೊಳಗೆ ಸರಿಯಾಗಿ ಕೂರುವಂತಿದ್ದರೆ, ಅಂದರೆ ವೃತ್ತದ ವ್ಯಾಸ ಚೌಕದ ಬಾಹುವಿನಷ್ಟೇ ಇದ್ದರೆ, ಚೌಕವೇ ನೂರಕ್ಕೆ 10ರಷ್ಟು ಹಿಂದೆ ಬೀಳುತ್ತದೆ. ಅದರ ತಂತಿ ಎಲ್ಲ ದಿಕ್ಕಿನಲ್ಲೂ ವೃತ್ತದಷ್ಟೇ ಅಥವಾ ಅದಕ್ಕಿಂತ ದೂರದಲ್ಲಿರುವುದರಿಂದ ಇದು ಲೆಕ್ಕವಿಲ್ಲದೆಯೂ ಗೊತ್ತಾಗುವ ಸಂಗತಿ. ಹಾಗೆಯೇ ಚೌಕದ ನಾಲ್ಕು ಮೂಲೆಗಳೂ ವೃತ್ತದ ಮೇಲಿದ್ದರೆ ಚೌಕ ನೂರಕ್ಕೆ 27ರಷ್ಟು ಮುಂದಿರುತ್ತದೆ. ಸುತ್ತುಗಳ ಸಂಖ್ಯೆಯೂ ಸಮವಾಗಿರಬೇಕು. ಅದೇ ಒಂದು ಮೀಟರ್ ತಂತಿಯಿಂದ ಎರಡು ಸುತ್ತಿನ ವೃತ್ತ ಮಾಡಿದರೆ ತ್ರಿಜ್ಯ ಅರ್ಧವಾಗಿ, ಸುತ್ತು ಎರಡಾಗಿ, ಕ್ಷೇತ್ರ ನಾಲ್ಕು ಪಟ್ಟಾಗುತ್ತದೆ. ಆಕಾರದಿಂದ ಬರುವ ಲಾಭ ಅದರ ಮುಂದೆ ಬಲು ಸಣ್ಣದು.

ನೂರಕ್ಕೆ 14.6ರ ವ್ಯತ್ಯಾಸವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ನೋಡಲು ದುಬಾರಿ ಉಪಕರಣ ಬೇಕಿಲ್ಲ. ಸ್ಪರ್ಶಕ ಗ್ಯಾಲ್ವನೊಮೀಟರಿನ ತತ್ತ್ವವೇ ಸಾಕು. ಭೂಮಿಯ ಕಾಂತಕ್ಷೇತ್ರದ ಅಡ್ಡ ಘಟಕ ದಕ್ಷಿಣ ಭಾರತದಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ಮರದ ಚೌಕಟ್ಟಿನ ಮೇಲೆ ತಂತಿಯ ಸುತ್ತನ್ನು ನೆಟ್ಟಗೆ ನಿಲ್ಲಿಸಿ, ಅದರ ಸಮತಲ ದಿಕ್ಸೂಚಿಯ ಮುಳ್ಳಿನ ಉತ್ತರ-ದಕ್ಷಿಣಕ್ಕೆ ಸರಿಯಾಗಿ ಹೊಂದುವಂತೆ ತಿರುಗಿಸಬೇಕು. ದಿಕ್ಸೂಚಿ ಸುತ್ತಿನ ಕೇಂದ್ರದಲ್ಲಿ ಮಟ್ಟವಾಗಿ ಕುಳಿತಿರಬೇಕು. ಪ್ರವಾಹ ಹರಿದಾಗ ಸುತ್ತಿನ ಕ್ಷೇತ್ರ ಪೂರ್ವ-ಪಶ್ಚಿಮವಾಗಿ, ಭೂಮಿಯ ಕ್ಷೇತ್ರಕ್ಕೆ ಲಂಬವಾಗಿ ಬರುತ್ತದೆ. ಮುಳ್ಳು ಎರಡರ ನಡುವೆ ಓರೆಯಾಗಿ ನಿಲ್ಲುತ್ತದೆ. ಹೊರಳಿದ ಕೋನದ ಸ್ಪರ್ಶಕ, ಅಂದರೆ `tan θ`, ಎರಡು ಕ್ಷೇತ್ರಗಳ ಅನುಪಾತಕ್ಕೆ ಸಮ.

ಒಂದು ಮೀಟರ್ ತಂತಿ ಮತ್ತು 5 ಆಂಪಿಯರಿಗೆ ವೃತ್ತದಲ್ಲಿ ಅನುಪಾತ 19.7ಕ್ಕೆ 40, ಮುಳ್ಳು 26 ಡಿಗ್ರಿ ಹೊರಳುತ್ತದೆ. ಚೌಕದಲ್ಲಿ 22.6ಕ್ಕೆ 40, ಹೊರಳುವುದು ಸುಮಾರು ಇಪ್ಪತ್ತೊಂಬತ್ತೂವರೆ ಡಿಗ್ರಿ. ಮೂರು ಡಿಗ್ರಿಯ ಅಂತರವನ್ನು ಒಂದೊಂದು ಡಿಗ್ರಿಯ ಗುರುತುಳ್ಳ ದಿಕ್ಸೂಚಿಯಲ್ಲಿ ಓದಬಹುದು, ಆದರೆ ಎಚ್ಚರಿಕೆಯಿಂದ. ಭೂಕ್ಷೇತ್ರದ ನಿಖರ ಬೆಲೆ ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ. ಎರಡು ಸ್ಪರ್ಶಕಗಳನ್ನು ಒಂದರಿಂದೊಂದು ಭಾಗಿಸಿದಾಗ ಅದು ಹೊಡೆದುಹೋಗುತ್ತದೆ. ಕೋನಗಳನ್ನೇ ಭಾಗಿಸುವುದು ತಪ್ಪು. ಹಾಗೆ ಮಾಡಿದರೆ 1.12 ಬಂದು ಸಿದ್ಧಾಂತವೇ ತಪ್ಪೇನೋ ಎನಿಸುತ್ತದೆ.

ಪ್ರಯೋಗ ಕೆಡುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಂದ. ಚೌಕಟ್ಟಿಗೆ ಹೊಡೆದ ಕಬ್ಬಿಣದ ಮೊಳೆ ಅಥವಾ ಮೇಜಿನ ಉಕ್ಕಿನ ಕಾಲು ಭೂಕ್ಷೇತ್ರವನ್ನೇ ಓರೆ ಮಾಡಿಬಿಡುತ್ತದೆ. ಪ್ರವಾಹದ ದಿಕ್ಕನ್ನು ತಿರುಗಿಸಿ ಮುಳ್ಳು ಎರಡೂ ಕಡೆಗೆ ಸಮವಾಗಿ ಹೊರಳುತ್ತದೆಯೇ ಎಂದು ನೋಡಿದರೆ ಸುತ್ತು ಉತ್ತರ-ದಕ್ಷಿಣಕ್ಕೆ ಹೊಂದಿಲ್ಲದಿರುವುದು ಪತ್ತೆಯಾಗುತ್ತದೆ. ಬ್ಯಾಟರಿಯಿಂದ ಬರುವ ಮತ್ತು ಹಿಂತಿರುಗುವ ತಂತಿಗಳನ್ನು ಒಂದಕ್ಕೊಂದು ಹೊಸೆಯದೆ ಬಿಟ್ಟರೆ ಅವೂ ತಮ್ಮದೇ ಕ್ಷೇತ್ರವನ್ನು ಸೇರಿಸುತ್ತವೆ. ಹೊಸೆದಾಗ ಹೋಗುವ ಪ್ರವಾಹ, ಬರುವ ಪ್ರವಾಹ ಒಂದನ್ನೊಂದು ಅಳಿಸುತ್ತವೆ. ಅಳತೆಯಲ್ಲಿ ಇನ್ನೊಂದು ಹುಳುಕು ಅಡಗಿದೆ: ಒಂದು ಮೀಟರ್ ಎಂಬುದು ಸುತ್ತಿನ ಉದ್ದವಾಗಿರಬೇಕು. ಜೋಡಣೆಗೆ ಎಂದು ತುದಿಗಳಲ್ಲಿ ನಾಲ್ಕು ಸೆಂಟಿಮೀಟರ್ ಹೋದರೆ ಸುತ್ತಳತೆ 96 ಸೆಂಟಿಮೀಟರಾಗಿ ಕ್ಷೇತ್ರ ನೂರಕ್ಕೆ 4ರಷ್ಟು ಏರುತ್ತದೆ. ಎರಡೂ ಆಕಾರಗಳಿಗೆ ಒಂದೇ ರೀತಿ ತುದಿ ಬಿಟ್ಟರೆ ಅನುಪಾತಕ್ಕೆ ಧಕ್ಕೆಯಿಲ್ಲ. ಮೂಲೆ ತುಸು ದುಂಡಗಾದರೆ ಅಷ್ಟೇನೂ ಚಿಂತಿಸಬೇಕಿಲ್ಲ, ಮೂಲೆಯ ಪಾಲು ಮೊದಲೇ ಕಡಿಮೆ. ಹಾಗೆಂದು ಬಾಹುಗಳು ನಡುವೆ ಹೊರಕ್ಕೆ ಉಬ್ಬಿದರೆ ಮಾತ್ರ ಚೌಕ ವೃತ್ತದತ್ತ ಜಾರಿ ವ್ಯತ್ಯಾಸ ಕರಗುತ್ತದೆ. ತೆಳು ತಂತಿಯಲ್ಲಿ ಹೀಗಾಗುವುದು ಹೆಚ್ಚು. ಪ್ರವಾಹ ಹೆಚ್ಚು ಹೊತ್ತು ಹರಿದು ತಂತಿ ಬಿಸಿಯಾದರೆ ರೋಧ ಏರಿ ಪ್ರವಾಹ ಇಳಿಯುತ್ತದೆ, ಆದ್ದರಿಂದ ಪ್ರತಿ ಓದಿಗೂ ಆಮೀಟರನ್ನು ನೋಡಬೇಕು.

ಇಷ್ಟೆಲ್ಲ ಲಾಭವಿದ್ದರೆ ಸುರುಳಿಗಳನ್ನೆಲ್ಲ ಚೌಕವಾಗಿಯೇ ಏಕೆ ಮಾಡುವುದಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಚೌಕದ ಮುನ್ನಡೆ ಕೇಂದ್ರದಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ. ಸುತ್ತಿನ ಸಮತಲದಿಂದ ಲಂಬವಾಗಿ, ಅಕ್ಷದ ಗುಂಟ ಮೇಲೆ ಹೋದಂತೆ ಚೌಕದ ಕ್ಷೇತ್ರ ವೃತ್ತದ್ದಕ್ಕಿಂತ ಬೇಗ ಕುಗ್ಗುತ್ತದೆ. 2 ಸೆಂಟಿಮೀಟರ್ ಎತ್ತರದಲ್ಲಿ ವೃತ್ತ ತನ್ನ ಕೇಂದ್ರದ ಬೆಲೆಯಿಂದ ನೂರಕ್ಕೆ 2.3ರಷ್ಟು ಕಳೆದುಕೊಂಡರೆ ಚೌಕ 3.1ರಷ್ಟು ಕಳೆದುಕೊಳ್ಳುತ್ತದೆ. ಸುಮಾರು 10 ಸೆಂಟಿಮೀಟರ್ ಎತ್ತರದಲ್ಲಿ ಎರಡೂ ಸಮನಾಗುತ್ತವೆ, ಎರಡೂ ಕಡೆ 12 ಮೈಕ್ರೊಟೆಸ್ಲಾ. ಅಲ್ಲಿಂದಾಚೆ ವೃತ್ತದ್ದೇ ಮೇಲುಗೈ. ಅರ್ಧ ಮೀಟರ್ ದೂರದಲ್ಲಿ ವೃತ್ತದ ಕ್ಷೇತ್ರ 0.55 ಮೈಕ್ರೊಟೆಸ್ಲಾ, ಚೌಕದ್ದು 0.44.

ಕೇಂದ್ರದಲ್ಲಿ ಗೆಲ್ಲಿಸಿದ ಕಾರಣವೇ ದೂರದಲ್ಲಿ ಸೋಲಿಸುತ್ತದೆ. ಬಹುದೂರದಿಂದ ನೋಡಿದಾಗ ವಿದ್ಯುತ್ತಿನ ಸುತ್ತು ಒಂದು ಪುಟ್ಟ ದಂಡಕಾಂತದಂತೆ ವರ್ತಿಸುತ್ತದೆ. ಆ ಕಾಂತದ ಬಲ ಪ್ರವಾಹ ಮತ್ತು ಸುತ್ತುವರಿದ ವಿಸ್ತೀರ್ಣಗಳ ಗುಣಲಬ್ಧ. ಒಂದು ಮೀಟರ್ ತಂತಿಯ ವೃತ್ತ ಸುಮಾರು 796 ಚದರ ಸೆಂಟಿಮೀಟರನ್ನು ಸುತ್ತುತ್ತದೆ, ಚೌಕ 625 ಚದರ ಸೆಂಟಿಮೀಟರನ್ನು. ಅನುಪಾತ `π/4`. ಆದ್ದರಿಂದ ಬಹುದೂರದಲ್ಲಿ ಚೌಕದ ಕ್ಷೇತ್ರ ವೃತ್ತದ್ದಕ್ಕಿಂತ ನೂರಕ್ಕೆ 21ಕ್ಕೂ ಹೆಚ್ಚು ಕಡಿಮೆ. ಹೊರಗಿನ ಕ್ಷೇತ್ರದಲ್ಲಿಟ್ಟಾಗ ಸುತ್ತನ್ನು ತಿರುಗಿಸುವ ಬಲವೂ ವಿಸ್ತೀರ್ಣವನ್ನೇ ಅನುಸರಿಸುವುದರಿಂದ ಅಲ್ಲಿಯೂ ಅದೇ ಕೊರತೆ.

ಚೌಕದ ಸುರುಳಿಗಳು ನಿಜಕ್ಕೂ ಬಳಕೆಯಲ್ಲಿರುವುದು ಬೇರೊಂದು ಕಾರಣಕ್ಕೆ. ಕಾಂತಮಾಪಕಗಳನ್ನು ಪರೀಕ್ಷಿಸುವಾಗ ಭೂಮಿಯ ಕ್ಷೇತ್ರವನ್ನು ಅಳಿಸಿಹಾಕಲು ಆಳೆತ್ತರದ ಸುರುಳಿಗಳು ಬೇಕಾಗುತ್ತವೆ. ಎರಡು ಮೀಟರ್ ವ್ಯಾಸದ ಸರಿಯಾದ ವೃತ್ತವನ್ನು ಬಾಗಿಸುವುದು ಕಷ್ಟ. ಅಲ್ಯುಮಿನಿಯಂ ಪಟ್ಟಿಗಳನ್ನು ಕತ್ತರಿಸಿ ಚೌಕಟ್ಟು ಜೋಡಿಸುವುದು ಸುಲಭ, ಮೂರು ದಿಕ್ಕಿನ ಮೂರು ಜೋಡಿಗಳನ್ನು ಒಂದರೊಳಗೊಂದು ಕೂರಿಸುವುದೂ ಸುಲಭ. ಒಂದೇ ಸುತ್ತಿನ ಕ್ಷೇತ್ರ ಬೇಗ ಕುಗ್ಗುವ ದೋಷವನ್ನು ಎರಡು ಸಮಾನ ಸುರುಳಿಗಳನ್ನು ಎದುರುಬದುರು ನಿಲ್ಲಿಸಿ ನೀಗುತ್ತಾರೆ. ಹೆಲ್ಮ್‌ಹೋಲ್ಟ್ಸ್ ಹೆಸರಿನ ಈ ಜೋಡಣೆಯಲ್ಲಿ ವೃತ್ತಗಳಾದರೆ ಅವುಗಳ ನಡುವಿನ ಅಂತರ ತ್ರಿಜ್ಯದಷ್ಟೇ ಇರಬೇಕು, ಚೌಕಗಳಾದರೆ ಬಾಹುವಿನ 0.5445 ಪಟ್ಟು. ಎರಡು ಮೀಟರ್ ಬಾಹುವಿನ ಚೌಕಗಳಿಗೆ ಆ ಅಂತರ 109 ಸೆಂಟಿಮೀಟರ್. ವೃತ್ತದ ಲೆಕ್ಕವನ್ನೇ ನೆನಪಿನಲ್ಲಿಟ್ಟುಕೊಂಡು ಅರ್ಧ ಬಾಹುವಿನಷ್ಟು, ಅಂದರೆ 100 ಸೆಂಟಿಮೀಟರ್ ಅಂತರ ಬಿಟ್ಟು ಜೋಡಿಸಿದರೆ ನಡುವೆ ಕ್ಷೇತ್ರ ಸಮತಟ್ಟಾಗಿರುವ ಬದಲು ಉಬ್ಬಿಕೊಂಡಿರುತ್ತದೆ. ಅಕ್ಷದ ಮೇಲೆ ಮಾಪಕವನ್ನು ಆಚೀಚೆ ಸರಿಸಿದಾಗ ಎರಡೂ ಕಡೆ ಓದು ಇಳಿಯತೊಡಗಿದರೆ ಸುರುಳಿಗಳು ಬೇಕಾದುದಕ್ಕಿಂತ ಹತ್ತಿರವಿವೆ ಎಂದೇ ಅರ್ಥ, ಎರಡೂ ಕಡೆ ಏರಿದರೆ ದೂರವಿವೆ ಎಂದು.